‘ಕಸಿನ್’ ಅಂದ್ರೆ ಯಾರು? ರಾಬರ್ಟ್‌ನ ಸಿಂಹಾಸನದ ಹಕ್ಕನ್ನು ಪೆನ್ಸಿಲ್ ಹಿಡಿದು ಹುಡುಕುವ ಬಗೆ

ಕಳೆದ ಮಳೆಗಾಲದ ಒಂದು ಭಾನುವಾರ ಅಕ್ಕನ ಮಗಳು ಡೊಂಬಿವಲಿಯ ನಮ್ಮ ಮನೆಗೆ ಬಂದಳು. ಕೈಯಲ್ಲಿ ದಪ್ಪ ಪುಸ್ತಕ, ಅದರ ಮಧ್ಯೆ ಗುರುತಿಗೆ ಸಿಕ್ಕಿಸಿದ ಲೋಕಲ್ ಟ್ರೇನಿನ ಹಳೇ ಟಿಕೆಟು. ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಸರಣಿಯ ಮೊದಲ ಸಂಪುಟ. ಚಪ್ಪಲಿ ಬಿಡುವ ಮೊದಲೇ ಕೇಳಿದಳು: “ಮಾಮ, ಯುದ್ಧ ಗೆದ್ದದ್ದು ಮೂರು ನಾಲ್ಕು ಮನೆತನ ಸೇರಿ ಅಲ್ವಾ? ನೆಡ್ ಸ್ಟಾರ್ಕ್ ಇದ್ದ, ಜಾನ್ ಆರಿನ್ ಇದ್ದ. ಹಾಗಿರುವಾಗ ಸಿಂಹಾಸನ ರಾಬರ್ಟ್‌ಗೇ ಯಾಕೆ ಹೋಯ್ತು?”

ಒಳ್ಳೆ ಪ್ರಶ್ನೆ. ಕತೆ ಶುರುವಾಗುವ ಮೊದಲೇ ನೆಡ್, ಜಾನ್ ಆರಿನ್ ಮುಂತಾದ ಒಡೆಯರು ರಾಬರ್ಟ್ ಜೊತೆ ದಂಗೆ ಎದ್ದು ಟಾರ್ಗೇರಿಯನ್ ಮನೆತನದ ರಾಜನನ್ನು ಕೆಳಗಿಳಿಸಿರುತ್ತಾರೆ, ಪಟ್ಟ ಮಾತ್ರ ಬರಾಥಿಯನ್ ಮನೆತನದ ರಾಬರ್ಟ್‌ಗೆ ಸಿಕ್ಕಿರುತ್ತದೆ. ಒಂದೇ ಮಾತಿನಲ್ಲಿ ಉತ್ತರ ಹೇಳಿಬಿಡಬಹುದು: ಅವನ ಅಜ್ಜಿ ರಾಜನ ಮಗಳು. ಆದರೆ ಆ ಒಂದು ಮಾತು ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಅವಳ ಕೈಗೆ ಪೆನ್ಸಿಲ್ ಕೊಟ್ಟು ಕೂರಿಸಿದೆ. ಅಂದು ಸಂಜೆಯವರೆಗೆ ನಾವು ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಸರಣಿ ಓದದವರಿಗೆ ಇದರಲ್ಲಿ ಕತೆಯ ಕೆಲವು ಗುಟ್ಟುಗಳು ಒಡೆಯುತ್ತವೆ.

ಬುಡದಿಂದ ಶುರು ಮಾಡಬೇಡಿ

ನಾನು ಮೊದಲ ಸಲ ಈ ಕೆಲಸ ಮಾಡಿದಾಗ ದೊಡ್ಡ ತಪ್ಪು ಮಾಡಿದ್ದೆ. ನಾಲ್ಕು ಡ್ರಾಯಿಂಗ್ ಶೀಟ್ ಅಂಟಿಸಿ, ಎಲ್ಲಕ್ಕಿಂತ ಮೇಲೆ ಟಾರ್ಗೇರಿಯನ್ ವಂಶದ ಮೊದಲ ರಾಜ ಮೊದಲನೇ ಏಗಾನ್ ಹೆಸರು ಬರೆದು, ಅಲ್ಲಿಂದ ಕೆಳಗೆ ಇಳಿಯುತ್ತಾ ಬಂದೆ. ಸುಮಾರು ಮುನ್ನೂರು ವರ್ಷದ ವಂಶ. ಮೂರನೇ ತಲೆಮಾರಿಗೇ ಕಾಗದ ಸಾಲಲಿಲ್ಲ. ಒಂದೇ ಹೆಸರಿನವರು ಐದಾರು ಜನ ಬಂದರು. ಯಾರು ಮುಖ್ಯ, ಯಾರು ಅಲ್ಲ ಅಂತ ಗೊತ್ತಾಗದೆ ಎಲ್ಲರನ್ನೂ ಬರೆದೆ. ಮೂರು ವಾರ ಆದ ಮೇಲೆ ಆ ಕಾಗದ ಬೀರುವಿನ ಮೇಲೆ ಹೋಯಿತು, ಈಗಲೂ ಅಲ್ಲೇ ಇದೆ.

ಸರಿಯಾದ ದಾರಿ ಉಲ್ಟಾ. ಹಕ್ಕು ಕೇಳುತ್ತಿರುವವನ ಹೆಸರನ್ನು ಕಾಗದದ ಕೆಳತುದಿಯಲ್ಲಿ ಬರೆಯಿರಿ. ಅಲ್ಲಿಂದ ಮೇಲಕ್ಕೆ ಹತ್ತಿ. ಅಪ್ಪ, ಅಮ್ಮ, ಅಪ್ಪನ ಅಪ್ಪ, ಅಪ್ಪನ ಅಮ್ಮ. ಕಿರೀಟ ತೊಟ್ಟ ಒಬ್ಬರು ಸಿಕ್ಕಿದ ಕೂಡಲೇ ನಿಲ್ಲಿ. ರಾಬರ್ಟ್‌ನಿಂದ ಹತ್ತಿದರೆ ಅಪ್ಪ ಸ್ಟೆಫನ್ ಬರಾಥಿಯನ್, ಅಜ್ಜ ಆರ್ಮಂಡ್ ಬರಾಥಿಯನ್, ಅಜ್ಜಿ ರೇಲ್ ಟಾರ್ಗೇರಿಯನ್. ಆ ಅಜ್ಜಿಯ ಅಪ್ಪ ಐದನೇ ಏಗಾನ್, 233ರಿಂದ 259ರವರೆಗೆ ಆಳಿದ ರಾಜ. ಅಲ್ಲಿಗೆ ನಿಲ್ಲಿಸಿ. ಮೂರು ಮೆಟ್ಟಿಲು ಅಷ್ಟೇ. ಇಸವಿಗಳ ಎಣಿಕೆ ಮೊದಲನೇ ಏಗಾನ್ ಆ ನೆಲ ಗೆದ್ದು ಕಿರೀಟ ತೊಟ್ಟಾಗಿನಿಂದ.

ಇನ್ನು ಅದೇ ರಾಜನಿಂದ ಕೆಳಗೆ, ಎದುರಾಳಿಯ ಕಡೆಗೆ ಇಳಿಯಿರಿ. ರಾಬರ್ಟ್ ಕೆಳಗಿಳಿಸಿದ್ದು ಹುಚ್ಚು ರಾಜ ಅಂತ ಹೆಸರಾದ ಎರಡನೇ ಏರಿಸ್‌ನನ್ನು. ಏರಿಸ್‌ನ ಅಪ್ಪ ಎರಡನೇ ಜೆಹೇರಿಸ್. ಆ ಜೆಹೇರಿಸ್‌ನ ಅಪ್ಪನೂ ಅದೇ ಐದನೇ ಏಗಾನ್. ಎರಡು ಕೊಂಬೆ ಒಂದೇ ಕಡೆ ಸೇರಿತು. ನಮ್ಮ ಹುಡುಗಿಯ ಹಾಳೆಯಲ್ಲಿ ಕೊನೆಗೆ ಉಳಿದದ್ದು ಇಷ್ಟು:

```
ಐದನೇ ಏಗಾನ್
├─ ಜೆಹೇರಿಸ್ + ಶೇರಾ (ಅಣ್ಣ-ತಂಗಿ)
│   └─ ಏರಿಸ್ + ರೇಲಾ (ಅಣ್ಣ-ತಂಗಿ)
│       └─ ರೇಗಾರ್, ವಿಸೇರಿಸ್, ಡನೇರಿಸ್
└─ ರೇಲ್ + ಆರ್ಮಂಡ್ ಬರಾಥಿಯನ್
    └─ ಸ್ಟೆಫನ್ + ಕಸಾನಾ ಎಸ್ಟರ್ಮಾಂಟ್
        └─ ರಾಬರ್ಟ್, ಸ್ಟಾನಿಸ್, ರೆನ್ಲಿ
```

ಮುನ್ನೂರು ವರ್ಷದ ವಂಶದಲ್ಲಿ ಈ ಪ್ರಶ್ನೆಗೆ ಬೇಕಾದವರು ಇಷ್ಟೇ ಜನ. ಬೇರೆ ಪ್ರಶ್ನೆ ಬಂದರೆ ಬೇರೆ ಹಾಳೆ ತೆಗೆದುಕೊಳ್ಳಿ. ಒಂದು ಹಾಳೆಗೆ ಒಂದು ಪ್ರಶ್ನೆ ಅನ್ನುವುದನ್ನು ಬಿಡಬೇಡಿ.

ಇಲ್ಲೊಂದು ಎಚ್ಚರ. ಏರಿಸ್‌ನ ಹೆಂಡತಿ ರೇಲಾ, ರಾಬರ್ಟ್‌ನ ಅಜ್ಜಿ ರೇಲ್. ಕಿಂಡಲ್‌ನಲ್ಲಿ ಹುಡುಕುವಾಗ ಮೊದಲನೆಯವಳು Rhaella, ಎರಡನೆಯವಳು Rhaelle. ಒಂದೇ ಅಕ್ಷರದ ವ್ಯತ್ಯಾಸ. ಕನ್ನಡದಲ್ಲಿ ಬರೆದುಕೊಳ್ಳುವಾಗ ದೀರ್ಘ ಬಿಟ್ಟುಹೋದರೆ ಇಬ್ಬರೂ ಒಬ್ಬರೇ ಆಗಿಬಿಡುತ್ತಾರೆ. ಆಗ ರಾಬರ್ಟ್ ಹುಚ್ಚು ರಾಜನ ಮೊಮ್ಮಗ ಅಂತ ಬರುತ್ತದೆ! ನಮ್ಮ ಹುಡುಗಿಗೂ ಮೊದಲು ಹಾಗೇ ಬಂತು. ತಪ್ಪು ಹಿಡಿಯಲು ಹುಟ್ಟಿದ ವರ್ಷ ನೋಡಿದರೆ ಸಾಕು. ಏರಿಸ್ ಹುಟ್ಟಿದ್ದು 244ರಲ್ಲಿ, ರಾಬರ್ಟ್ 262ರಲ್ಲಿ. ಹದಿನೆಂಟು ವರ್ಷಕ್ಕೆ ಮೊಮ್ಮಗ ಹುಟ್ಟುವುದಿಲ್ಲವಲ್ಲ. ಏರಿಸ್‌ನ ಮಗ ರೇಗಾರ್ ಹುಟ್ಟಿದ್ದು 259ರಲ್ಲಿ. ರಾಬರ್ಟ್ ಮತ್ತು ರೇಗಾರ್ ಓರಗೆಯವರು, ಚಿತ್ರದಲ್ಲೂ ಒಂದೇ ಸಾಲಿಗೆ ಬರಬೇಕು. ಬಾರದಿದ್ದರೆ ಎಲ್ಲೋ ಒಂದು ಮೆಟ್ಟಿಲು ಹೆಚ್ಚೋ ಕಡಿಮೆಯೋ ಆಗಿದೆ ಅಂತ ಅರ್ಥ.

ಟಿವಿ ಸರಣಿ ನೋಡಿ ಬಂದವರಿಗೆ ಮೆಟ್ಟಿಲು ತಪ್ಪುವುದು ಜಾಸ್ತಿ. ಅದರ ಮೊದಲ ಸೀಸನ್‌ನಲ್ಲಿ ಮುದುಕ ಏಮನ್ ತನ್ನ ಮನೆತನದ ಕತೆ ಹೇಳುವಾಗ, ತಮ್ಮ ಏಗಾನ್ ಆದ ಮೇಲೆ ಅವನ ಮಗ ಏರಿಸ್ ಅನ್ನುತ್ತಾನೆ. ನಡುವಿನ ಜೆಹೇರಿಸ್ ಮಾಯ. ಪುಸ್ತಕದ ಮೊದಲ ಸಂಪುಟದ ಕೊನೆಯಲ್ಲಿರುವ ರಾಜರ ಪಟ್ಟಿಯಲ್ಲಿ ಅವನಿದ್ದಾನೆ, 259ರಿಂದ 262ರವರೆಗೆ ಆಳಿದ್ದಾನೆ. ಟಿವಿಯದ್ದು ಬರೆಯಬೇಕೆಂದರೆ ಬೇರೆ ಬಣ್ಣದ ಪೆನ್ನು ಹಿಡಿಯಿರಿ. ಎರಡನ್ನೂ ಒಂದೇ ಗೆರೆಯಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ.

ಸಂಬಂಧಕ್ಕೆ ಕನ್ನಡದ ಹೆಸರು ಕೊಡಿ

ಇನ್ನು ನನಗೆ ತುಂಬಾ ಇಷ್ಟದ ಹಂತ. ಇಂಗ್ಲಿಷ್ ಪುಸ್ತಕ ಏರಿಸ್ ಮತ್ತು ಸ್ಟೆಫನ್‌ರನ್ನು ‘ಕಸಿನ್’ ಅನ್ನುತ್ತದೆ. ಓದುವಾಗ ಕಣ್ಣು ಮುಂದೆ ಹೋಗಿಬಿಡುತ್ತದೆ, ತಲೆಗೆ ಏನೂ ಹೋಗುವುದಿಲ್ಲ. ದೊಡ್ಡಪ್ಪನ ಮಗನೂ ಕಸಿನ್, ಅತ್ತೆಯ ಮಗನೂ ಕಸಿನ್, ಚಿಕ್ಕಮ್ಮನ ಮಗನೂ ಕಸಿನ್. ಸಿಂಹಾಸನದ ಲೆಕ್ಕದಲ್ಲಿ ಈ ಮೂವರಿಗೆ ಮೂರು ಬೆಲೆ. ನಮ್ಮ ಭಾಷೆಯ ಸಂಬಂಧದ ಹೆಸರುಗಳಲ್ಲಿ ಯಾವ ದಾರಿಯಿಂದ ಬಂದ ನೆಂಟ ಅನ್ನುವುದು ಅಡಗಿ ಕೂತಿದೆ. ಹಾಗಾಗಿ ಪುಸ್ತಕದಲ್ಲಿ ‘ಕಸಿನ್’ ಸಿಕ್ಕಿದಲ್ಲೆಲ್ಲ ನಿಂತು, ಅಂಚಿನಲ್ಲಿ ಕನ್ನಡದ ಹೆಸರು ಬರೆಯಿರಿ. ಬರೆಯಲು ಆಗದಿದ್ದರೆ ನಿಮಗೆ ಸಂಬಂಧ ಇನ್ನೂ ಗೊತ್ತಾಗಿಲ್ಲ ಅಂತ ಲೆಕ್ಕ.

ಸ್ಟೆಫನ್‌ನನ್ನೇ ನೋಡೋಣ. ಅವನ ಅಮ್ಮ ರೇಲ್, ಏರಿಸ್‌ನ ಅಪ್ಪ ಜೆಹೇರಿಸ್‌ಗೆ ತಂಗಿ. ಅಂದರೆ ರೇಲ್ ಏರಿಸ್‌ಗೆ ಸೋದರತ್ತೆ, ಸ್ಟೆಫನ್ ಅತ್ತೆಯ ಮಗ.

“ಭಾವ-ಮೈದುನ ಅಂತ ಬರೀಲಾ?” ಅಂದಳು ಹುಡುಗಿ. ಬರೆದಳು. ಬರೆದು ಚಿತ್ರವನ್ನೇ ನೋಡುತ್ತಾ ಕೂತಳು. ಒಂದು ನಿಮಿಷ ಕಳೆದು ರಬ್ಬರ್ ಎತ್ತಿಕೊಂಡಳು.

“ಮಾಮ, ಏರಿಸ್‌ನ ಅಮ್ಮ ಶೇರಾನೂ ಏಗಾನ್‌ನ ಮಗಳೇ ಅಲ್ವಾ? ಹಾಗಾದ್ರೆ ರೇಲ್ ಅವನಿಗೆ ಅಮ್ಮನ ತಂಗಿ. ಚಿಕ್ಕಮ್ಮ. ಚಿಕ್ಕಮ್ಮನ ಮಗ ಅಂದ್ರೆ ತಮ್ಮ ಆಗ್ತಾನೆ!”

ಹೌದು, ಸರಿಯಾಗಿ ಹಿಡಿದಳು. ಅಪ್ಪ-ಅಮ್ಮ ಒಡಹುಟ್ಟಿದವರಾದ್ದರಿಂದ ರೇಲ್ ಒಂದು ದಾರಿಯಲ್ಲಿ ಅತ್ತೆ, ಇನ್ನೊಂದು ದಾರಿಯಲ್ಲಿ ಚಿಕ್ಕಮ್ಮ. ಸ್ಟೆಫನ್ ಒಂದು ದಾರಿಯಲ್ಲಿ ಮೈದುನ, ಇನ್ನೊಂದು ದಾರಿಯಲ್ಲಿ ತಮ್ಮ. ನಮ್ಮಲ್ಲಿ ಇವೆರಡು ಎಂದೂ ಸೇರದ ಖಾನೆಗಳು. ಅತ್ತೆಯ ಮಕ್ಕಳ ಜೊತೆ ಮದುವೆ ಮಾತುಕತೆ ನಡೆಯಬಹುದು, ಚಿಕ್ಕಮ್ಮನ ಮಕ್ಕಳು ಅಣ್ಣ-ತಮ್ಮ, ಅಕ್ಕ-ತಂಗಿ. ರೇಗಾರ್‌ನ ಕತೆ ಇನ್ನೂ ಚೆಂದ. ಅವನ ಅಪ್ಪ ಏರಿಸ್ ಅವನ ಅಮ್ಮನ ಅಣ್ಣನೂ ಹೌದು. ಅಪ್ಪನೂ ಅವನೇ, ಸೋದರಮಾವನೂ ಅವನೇ.

ಕನ್ನಡದ ಹೆಸರು ಹೀಗೆ ಎರಡಾಗಿ ಒಡೆದಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಸುತ್ತು ಹಾಕಿ. ಆ ಜಾಗದಲ್ಲಿ ಮನೆತನ ತನ್ನೊಳಗೇ ಮದುವೆ ಮಾಡಿಕೊಂಡಿದೆ ಅಂತ ಅರ್ಥ. ಅಂಥ ಕಡೆ ಹೊರಗಿನವರಿಗೆ ಹಕ್ಕು ಹರಿದುಹೋಗಲು ಬಾಗಿಲೇ ಇರುವುದಿಲ್ಲ. ಜೆಹೇರಿಸ್ ಶೇರಾಳನ್ನೇ ಮದುವೆಯಾದ್ದರಿಂದ ಶೇರಾಳ ಮೂಲಕ ಬೇರೆ ಮನೆತನ ಹುಟ್ಟಲಿಲ್ಲ. ಏರಿಸ್ ರೇಲಾಳನ್ನೇ ಮದುವೆಯಾದ. ಅಲ್ಲೂ ಅದೇ ಕತೆ. ಏಗಾನ್‌ಗೆ ಮೂವರು ಗಂಡುಮಕ್ಕಳು. ದೊಡ್ಡವನು ಡಂಕನ್ ಹಕ್ಕು ಬಿಟ್ಟುಕೊಟ್ಟ. ಇನ್ನೊಬ್ಬ ಡೇರನ್‌ಗೆ ಮದುವೆಯೂ ಆಗಲಿಲ್ಲ, ಮಕ್ಕಳೂ ಇಲ್ಲ. ಹೀಗೆ ಒಂದೊಂದಾಗಿ ಅಳಿಸುತ್ತಾ ಬಂದರೆ ಹೊರಗಿನ ಮನೆತನಕ್ಕೆ ತೆರೆದದ್ದು ಒಂದೇ ಬಾಗಿಲು, ರೇಲ್. ಆ ಬಾಗಿಲಿನ ಆಚೆ ಇದ್ದವರು ಬರಾಥಿಯನ್‌ಗಳು. ಸ್ಟಾರ್ಕ್‌ಗೂ ಆರಿನ್‌ಗೂ ಅಂಥ ಹತ್ತಿರದ ಬಾಗಿಲು ಇರಲಿಲ್ಲ. ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಗೇ ಸಿಕ್ಕಿತು.

ಮುರಿದ ನಿಶ್ಚಿತಾರ್ಥಕ್ಕೂ ಒಂದು ಗೆರೆ

ವಂಶವೃಕ್ಷದಲ್ಲಿ ನಡೆದ ಮದುವೆ ಮಾತ್ರ ಕಾಣುತ್ತದೆ. ನಡೆಯದೇ ಹೋದ ಮದುವೆ ಕಾಣುವುದಿಲ್ಲ. ಈ ಕತೆಯಲ್ಲಿ ಎರಡನೆಯದ್ದೇ ಹೆಚ್ಚು ಕೆಲಸ ಮಾಡಿದೆ. ಅದಕ್ಕೆ ಚುಕ್ಕಿ ಗೆರೆ ಹಾಕುವ ಅಭ್ಯಾಸ ಮಾಡಿಕೊಳ್ಳಿ.

ರೇಲ್ ಬರಾಥಿಯನ್ ಮನೆಗೆ ಸೊಸೆಯಾಗಿ ಹೋದದ್ದು ಯಾಕೆ? ಪ್ರೀತಿಯಿಂದಲೂ ಅಲ್ಲ, ಮೊದಲೇ ಆದ ಮಾತಿನಿಂದಲೂ ಅಲ್ಲ. ಇದರ ಕತೆ ಮುಖ್ಯ ಕಾದಂಬರಿಗಳಲ್ಲಿ ಪೂರ್ತಿ ಸಿಗುವುದಿಲ್ಲ. 2014ರಲ್ಲಿ ಬಂದ ‘ದಿ ವರ್ಲ್ಡ್ ಆಫ್ ಐಸ್ ಆ್ಯಂಡ್ ಫೈರ್’ ಅನ್ನುವ ಜೊತೆ ಪುಸ್ತಕದಲ್ಲಿ ಐದನೇ ಏಗಾನ್‌ನ ಭಾಗ ತೆಗೆದು ನೋಡಿ.

ಏಗಾನ್ ತನ್ನ ಹಿರಿಮಗ ಡಂಕನ್‌ಗೆ ಬರಾಥಿಯನ್ ಮನೆತನದ ಒಡೆಯ ಲಯೊನೆಲ್‌ನ ಮಗಳ ಜೊತೆ ಮದುವೆ ನಿಶ್ಚಯ ಮಾಡಿದ್ದ. ಡಂಕನ್ ಜೆನ್ನಿ ಅನ್ನುವ ಊರು-ಕೇರಿ ಗೊತ್ತಿಲ್ಲದ ಹುಡುಗಿಯನ್ನು 239ರಲ್ಲಿ ಮದುವೆಯಾಗಿಬಿಟ್ಟ. ಅವಳನ್ನು ಬಿಡು ಅಂದರೆ ಕಿರೀಟವನ್ನೇ ಬಿಟ್ಟ. ಅಪ್ಪನ ಮದುವೆಗಾಗಿ ರಾಜ್ಯ ಬಿಟ್ಟ ಭೀಷ್ಮನನ್ನು ಕೇಳಿ ಬೆಳೆದ ನಮಗೆ, ತನ್ನ ಮದುವೆಗಾಗಿ ರಾಜ್ಯ ಬಿಟ್ಟ ಈ ಹುಡುಗ ಸ್ವಲ್ಪ ತಮಾಷೆಯಾಗಿ ಕಾಣುತ್ತಾನೆ. ಪರಿಣಾಮದಲ್ಲಿ ಮಾತ್ರ ಇಬ್ಬರೂ ಒಂದೇ. ಮುಂದಿನ ತಲೆಮಾರುಗಳು ಬಡಿದಾಡಿಕೊಂಡವು.

ಮಗಳಿಗಾದ ಅವಮಾನಕ್ಕೆ ಲಯೊನೆಲ್ ದಂಗೆ ಎದ್ದ. ದಂಗೆ ಜಾಸ್ತಿ ದಿನ ನಡೆಯಲಿಲ್ಲ. ರಾಜನ ಕಾವಲುಪಡೆಯ ಇನ್ನೊಬ್ಬ ಡಂಕನ್, ಎತ್ತರದ ಡಂಕನ್, ದ್ವಂದ್ವದಲ್ಲಿ ಲಯೊನೆಲ್‌ನನ್ನು ಸೋಲಿಸಿದ. ಸಂಧಾನಕ್ಕೆ ಏಗಾನ್ ತನ್ನ ಕಿರಿಮಗಳು ರೇಲ್‌ಳನ್ನು ಲಯೊನೆಲ್‌ನ ಮಗ ಆರ್ಮಂಡ್‌ಗೆ ಕೊಡಲು ಒಪ್ಪಿದ. ಅವರ ಮನೆಯಿಂದ ಹೆಣ್ಣು ತರದೆ ಅವಮಾನ ಮಾಡಿದ್ದಕ್ಕೆ, ತನ್ನ ಮನೆಯ ಹೆಣ್ಣು ಕೊಟ್ಟು ಸರಿಮಾಡಿದ. ರೇಲ್ ಹುಡುಗಿಯಾಗಿದ್ದಾಗಲೇ ಆ ಕೋಟೆಗೆ ಹೋಗಿ, ಲಯೊನೆಲ್‌ಗೆ ಮದ್ಯದ ಬಟ್ಟಲು ತುಂಬಿಸಿ ಕೊಡುವವಳಾಗಿ ಬೆಳೆದಳು.

ಈಗ ಚುಕ್ಕಿ ಗೆರೆ ಹಾಕಿ ನೋಡಿ. ಡಂಕನ್‌ನಿಂದ ಲಯೊನೆಲ್‌ನ ಮಗಳಿಗೆ ಒಂದು ಚುಕ್ಕಿ ಗೆರೆ. ಅದು ತುಂಡಾದ ಜಾಗದಿಂದಲೇ ರೇಲ್-ಆರ್ಮಂಡ್‌ನ ಗಟ್ಟಿ ಗೆರೆ. ಮೊದಲ ಮದುವೆ ನಡೆದಿದ್ದರೆ ಎರಡನೆಯದು ಬೇಕಾಗುತ್ತಲೇ ಇರಲಿಲ್ಲ. ಆಗ ಬರಾಥಿಯನ್ ರಕ್ತ ಸಿಂಹಾಸನದ ಮೇಲೆ ಕೂತಿರುತ್ತಿತ್ತೇ ಹೊರತು, ಸಿಂಹಾಸನದ ರಕ್ತ ಬರಾಥಿಯನ್ ಕೋಟೆಗೆ ಬರುತ್ತಿರಲಿಲ್ಲ. ಆ ಮನೆಯಲ್ಲಿ ರಾಬರ್ಟ್ ಅನ್ನುವ ಹುಡುಗ ಹುಟ್ಟಿದರೂ ಈ ಹಕ್ಕು ಅವನ ಕೈಯಲ್ಲಿ ಇರುತ್ತಿರಲಿಲ್ಲ.

ಏಗಾನ್‌ನ ಉಳಿದ ಮಕ್ಕಳೂ ಇದೇ ಆಟ ಆಡಿದರು. ಜೆಹೇರಿಸ್‌ಗೆ ಟಲಿ ಮನೆತನದಲ್ಲಿ, ಶೇರಾಳಿಗೆ ಲೂಥರ್ ಟೈರೆಲ್ ಜೊತೆ ಮಾತಾಗಿತ್ತು. ಇಬ್ಬರೂ ಅದನ್ನು ಮುರಿದು ಗುಟ್ಟಾಗಿ ಪರಸ್ಪರ ಮದುವೆಯಾದರು. ಡೇರನ್‌ಗೆ ಓಲೆನಾ ಎಂಬ ಹುಡುಗಿ ಗೊತ್ತಾಗಿತ್ತು, ಅವನು ಬೇಡ ಅಂದ. ಈ ಮುರಿದ ಎರಡು ತುಂಡನ್ನು ಜೋಡಿಸಿ ನೋಡಿ: ವರ ಸಿಗದ ಓಲೆನಾಳೂ ವಧು ಸಿಗದ ಲೂಥರ್ ಟೈರೆಲ್‌ನೂ ಮದುವೆಯಾದರು. ಅವರ ಮೊಮ್ಮಗಳೇ ಮಾರ್ಜರಿ, ಮುಂದೆ ರೆನ್ಲಿ, ಜಾಫ್ರಿ, ಟಾಮೆನ್ ಹೀಗೆ ಒಬ್ಬರಾದ ಮೇಲೆ ಒಬ್ಬರು ಕಿರೀಟಧಾರಿಗಳನ್ನು ಮದುವೆಯಾದವಳು. ಟೈರೆಲ್‌ಗಳ ಆಟ ತಿಳಿಯಬೇಕೆಂದರೆ ರಾಜರ ಹಿಂದೆ ಹೋಗಬೇಡಿ, ಮದುಮಗಳ ಹಿಂದೆ ಹೋಗಿ. ಅದಕ್ಕೆ ಬೇರೆಯೇ ಹಾಳೆ ಬೇಕು. ಇಲ್ಲಿ ಬೆಳೆಸುವುದಿಲ್ಲ.

ರಕ್ತ ಇದ್ದರೆ ಸಾಲದು, ಸಾಲಿನಲ್ಲಿ ಎಷ್ಟನೆಯವ?

ಗೆರೆ ಎಳೆದಾಯಿತು. ಇನ್ನು ಹಕ್ಕು ಎಷ್ಟು ಗಟ್ಟಿ ಅಂತ ನೋಡಬೇಕು. ಬಹಳ ಜನ ಎಡವುವುದು ಇಲ್ಲೇ. ಸಂಬಂಧ ಇದೆ ಅಂದ ಕೂಡಲೇ ಹಕ್ಕು ಇದೆ ಅಂದುಬಿಡುತ್ತಾರೆ. ಹಕ್ಕಿಗೆ ಕಟ್ಟಳೆ ಬೇಕು. ಅದೇ ಚಿತ್ರವನ್ನು ಬೇರೆ ಬೇರೆ ಕಟ್ಟಳೆಯಲ್ಲಿ ಓದಿದರೆ ಬೇರೆ ಬೇರೆ ರಾಜ ಬರುತ್ತಾನೆ.

ನಮ್ಮದು ಮೂಲದಲ್ಲಿ ತುಳುನಾಡಿನ ಅಳಿಯಕಟ್ಟಿನ ಮನೆ. ಮುಂಬೈಯಲ್ಲಿ ಹೋಟೆಲು ಇಟ್ಟುಕೊಂಡ ನಮ್ಮ ಕಡೆಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಸ್ತಿ ಮಗನಿಗೆ ಅಲ್ಲ, ಸೋದರಿಯ ಮಕ್ಕಳಿಗೆ. ಮಕ್ಕಳು ಅಮ್ಮನ ಕುಟುಂಬದವರು. ಇವತ್ತಿನ ಕಾನೂನು ಬೇರೆ, ಆದರೆ ಕುಟುಂಬದ ಲೆಕ್ಕ ಇವತ್ತಿಗೂ ಹಾಗೇ ನಡೆಯುತ್ತದೆ. ಸುಮ್ನೆ ಒಂದು ಆಟದ ಹಾಗೆ ಈ ಕಟ್ಟಳೆಯನ್ನು ಆ ಚಿತ್ರದ ಮೇಲೆ ಇಟ್ಟು ನೋಡಿದೆವು.

ಜೆಹೇರಿಸ್ ಸತ್ತರೆ ಅವನ ತಂಗಿಯರ ಮಕ್ಕಳಿಗೆ ಹಕ್ಕು. ಶೇರಾಳ ಮಗ ಏರಿಸ್ ಇದ್ದಾನೆ, ರೇಲ್‌ಳ ಮಗ ಸ್ಟೆಫನ್ ಇದ್ದಾನೆ. ಏರಿಸ್ ದೊಡ್ಡವನು, ಅವನಿಗೆ ಪಟ್ಟ. ಏರಿಸ್ ಆದ ಮೇಲೆ ಅವನ ತಂಗಿ ರೇಲಾಳ ಮಗ ರೇಗಾರ್. ನೋಡಿ, ಮಗನ ಲೆಕ್ಕದಲ್ಲೂ ರೇಗಾರ್, ಅಳಿಯನ ಲೆಕ್ಕದಲ್ಲೂ ರೇಗಾರ್! ಅಣ್ಣ-ತಂಗಿ ಮದುವೆಯಾದ ಮನೆಯಲ್ಲಿ ಎರಡು ಕಟ್ಟಳೆಗೂ ಜಗಳವಿಲ್ಲ. ಇತ್ತ ಸ್ಟೆಫನ್‌ಗೂ ಸಾಲಿನಲ್ಲಿ ಜಾಗವಿದೆ, ಅವನು ರಾಜನ ತಂಗಿಯ ಮಗ. ಆದರೆ ರಾಬರ್ಟ್? ಅವನು ಸ್ಟೆಫನ್‌ನ ಮಗ. ಅಳಿಯಕಟ್ಟಿನಲ್ಲಿ ಅವನು ಅಮ್ಮ ಕಸಾನಾಳ ಎಸ್ಟರ್ಮಾಂಟ್ ಮನೆಗೆ ಸೇರಿದವ. ರೇಲ್‌ಳ ಹಕ್ಕು ಸ್ಟೆಫನ್‌ಗೆ ಮುಗಿಯಿತು. ರಾಬರ್ಟ್‌ಗೆ ಏನೂ ಇಲ್ಲ.

ಈ ಆಟದಿಂದ ಒಂದು ವಿಷಯ ಸ್ಪಷ್ಟ ಕಾಣುತ್ತದೆ. ರಾಬರ್ಟ್‌ನ ಹಕ್ಕಿನಲ್ಲಿ ಎರಡು ಕೊಂಡಿಗಳಿವೆ: ಒಂದು ಹೆಣ್ಣಿನ ಮೂಲಕ, ಅದು ರೇಲ್. ಇನ್ನೊಂದು ಗಂಡಿನ ಮೂಲಕ, ಅದು ಸ್ಟೆಫನ್. ಯಾರ ಹಕ್ಕನ್ನೇ ಆಗಲಿ ಪರೀಕ್ಷೆ ಮಾಡುವಾಗ ಕೊಂಡಿಗಳ ಮೇಲೆ ‘ಹೆ’, ‘ಗಂ’ ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ಆ ನಾಡಿನ ಕಟ್ಟಳೆ ಯಾವ ಕೊಂಡಿಯನ್ನು ಒಪ್ಪುತ್ತದೆ ಅಂತ ಕೇಳಿ.

ಆ ಕಬ್ಬಿಣದ ಸಿಂಹಾಸನಕ್ಕೆ ಲಿಖಿತ ಕಾನೂನಿಲ್ಲ. ಹಿಂದೆ ಹೀಗೆ ಆಗಿತ್ತು ಅನ್ನುವುದೇ ಕಾನೂನು. ಹಾಗಾಗಿ ಹಿಂದಿನ ಜಗಳಗಳ ಒಂದು ಸಣ್ಣ ಪಟ್ಟಿ ಬೇಕಾಗುತ್ತದೆ. ರಾಬರ್ಟ್‌ನ ವಿಷಯಕ್ಕೆ ಒಂದೇ ಜಗಳ ಸಾಕು, 101ರ ಮಹಾಸಭೆ. ಮೊದಲನೇ ಜೆಹೇರಿಸ್ ಮುದುಕನಾಗಿದ್ದ, ಪಟ್ಟಕ್ಕೆ ಬರಬೇಕಿದ್ದ ಇಬ್ಬರು ಗಂಡುಮಕ್ಕಳು ಮೊದಲೇ ತೀರಿಕೊಂಡಿದ್ದರು. ದೊಡ್ಡಮಗನ ಮಗಳು ರೇನಿಸ್, ಅವಳ ಮಗ ಲೇನರ್. ಅದಕ್ಕಿಂತ ಕಿರಿಯ ಮಗನ ಮಗ ವಿಸೇರಿಸ್. ಹಿರಿಯ ಕೊಂಬೆ ಲೇನರ್‌ನದ್ದೇ, ಆದರೆ ನಡುವೆ ‘ಹೆ’ ಕೊಂಡಿ ಇತ್ತು. ಸೇರಿದ ಒಡೆಯರು ವಿಸೇರಿಸ್‌ನನ್ನು ಆರಿಸಿದರು. ಈ ಸಿಂಹಾಸನ ಹೆಣ್ಣಿಗೂ ಹೋಗದು, ಹೆಣ್ಣಿನ ಮೂಲಕ ಅವಳ ಗಂಡು ಸಂತಾನಕ್ಕೂ ಹೋಗದು ಅಂತ ಬಹಳ ಜನ ಅದನ್ನು ಅರ್ಥ ಮಾಡಿಕೊಂಡರು. ಇದರ ವಿವರ 2018ರಲ್ಲಿ ಬಂದ ‘ಫೈರ್ ಆ್ಯಂಡ್ ಬ್ಲಡ್’ ಪುಸ್ತಕದಲ್ಲಿದೆ.

ಆ ಅರ್ಥವನ್ನೇ ಹಿಡಿದರೆ ರಾಬರ್ಟ್‌ನ ಹಕ್ಕು ಮೊದಲ ಕೊಂಡಿಯಲ್ಲೇ, ಅಜ್ಜಿಯ ಹತ್ತಿರವೇ ಕಳಚಿಬೀಳುತ್ತದೆ. ಸಡಿಲವಾಗಿ ಹಿಡಿದರೆ, ಅಂದರೆ ಗಂಡುಸಾಲು ಮುಗಿದ ಮೇಲೆ ಹೆಣ್ಣುಸಾಲಿಗೆ ಬರಬಹುದು ಅಂದರೆ, ಹಕ್ಕು ಇದೆ, ಆದರೆ ಸರದಿ ಬಂದಿಲ್ಲ. 283ರಲ್ಲಿ ಯುದ್ಧ ಮುಗಿದಾಗ ಯಾರು ಯಾರು ಉಳಿದಿದ್ದರು ಅಂತ ಚಿತ್ರದ ಮೇಲೆ ಬೆರಳಿಟ್ಟು ನೋಡಿ. ರೇಗಾರ್‌ನನ್ನು ರಾಬರ್ಟ್‌ನೇ ಕೊಂದ. ಏರಿಸ್‌ನನ್ನು ಜೇಮಿ ಲ್ಯಾನಿಸ್ಟರ್ ಕೊಂದ. ರೇಗಾರ್‌ನ ಇಬ್ಬರು ಮಕ್ಕಳು ರಾಜಧಾನಿಯ ಲೂಟಿಯಲ್ಲಿ ಹೋದರು ಅನ್ನುವುದು ಎಲ್ಲರ ನಂಬಿಕೆ. ಆದರೆ ಪುಟ್ಟ ವಿಸೇರಿಸ್ ದ್ವೀಪದ ಕೋಟೆಯಲ್ಲಿ ಬದುಕಿದ್ದ. ಡನೇರಿಸ್ ಅಮ್ಮನ ಹೊಟ್ಟೆಯಲ್ಲಿದ್ದಳು. ವಿಸೇರಿಸ್ ಇರುವವರೆಗೆ ರಾಬರ್ಟ್ ಸಾಲಿನಲ್ಲಿ ಹಿಂದೆ.

ಸುಳ್ಳು ಹಕ್ಕು, ಸರದಿ ಬಾರದ ಹಕ್ಕು, ಇವೆರಡು ಬೇರೆ. ಇದನ್ನು ಬೇರೆ ಮಾಡಿ ನೋಡದಿದ್ದರೆ ಕತೆಯ ಅರ್ಧ ಮಾತುಕತೆ ತಪ್ಪಾಗಿ ಕೇಳಿಸುತ್ತದೆ. ಎರಡನೇ ಸಂಪುಟದಲ್ಲಿ ರಾಬರ್ಟ್‌ನ ತಮ್ಮ ರೆನ್ಲಿಯೇ ನೆಡ್‌ನ ಹೆಂಡತಿ ಕ್ಯಾಟಲಿನ್ ಹತ್ತಿರ ಬಾಯಿಬಿಟ್ಟು ಹೇಳುತ್ತಾನೆ: ಹಳೇ ಮದುವೆಗಳ ರಕ್ತಸಂಬಂಧದ ಮಾತು ಆಗ ಬಂದದ್ದು ನಿಜ, ಆದರೆ ಅದು ಪಂಡಿತರಿಗಷ್ಟೇ ಬೇಕಾದದ್ದು, ಅಣ್ಣ ಗೆದ್ದದ್ದು ತನ್ನ ಯುದ್ಧದ ಸುತ್ತಿಗೆಯಿಂದ ಅಂತ. ಹುಡುಗಿಗೆ ಆ ಮಾತು ತುಂಬಾ ಹಿಡಿಸಿತು. ನನಗೆ ರೆನ್ಲಿ ಮೇಲೆ ಅಷ್ಟು ನಂಬಿಕೆ ಇಲ್ಲ. ಅವನು ಅಣ್ಣ ಸ್ಟಾನಿಸ್‌ನನ್ನು ದಾಟಿ ತಾನೇ ರಾಜ ಅಂದವನು. ಸರದಿಗೆ ಬೆಲೆ ಇಲ್ಲ ಅಂತ ಹೇಳಿದರೆ ಅವನಿಗೇ ಲಾಭ. ಹಕ್ಕಿನ ಬಗ್ಗೆ ಪಾತ್ರವೊಂದು ಏನಾದರೂ ಹೇಳಿದಾಗ, ಹೇಳಿದವರ ಹೆಸರನ್ನೂ ಪಕ್ಕದಲ್ಲಿ ಬರೆದಿಡಿ. ಸುತ್ತಿಗೆ ರಾಬರ್ಟ್‌ನನ್ನು ಗೆಲ್ಲಿಸಿತು, ಸರಿ. ಗೆದ್ದವರ ನಡುವೆ ಯಾರು ಕೂರಬೇಕು ಅಂತ ಬಂದಾಗ ಅಜ್ಜಿ ಬೇಕಾದಳು.

ಈ ಚಿತ್ರದಲ್ಲಿ ಮಾರ್ಟಿನ್ ಬಚ್ಚಿಟ್ಟ ಒಂದು ವ್ಯಂಗ್ಯವೂ ಇದೆ. ಏರಿಸ್ ತನ್ನ ಮಗ ರೇಗಾರ್‌ಗೆ ಹಳೇ ರಕ್ತದ ಹೆಣ್ಣು ಹುಡುಕಲು ಸಮುದ್ರದಾಚೆ ಕಳಿಸಿದ್ದು ಇದೇ ಸ್ಟೆಫನ್‌ನನ್ನು. ಹೆಣ್ಣು ಸಿಗಲಿಲ್ಲ. ವಾಪಸು ಬರುವಾಗ ತನ್ನ ಕೋಟೆಯ ಎದುರಿನ ಕೊಲ್ಲಿಯಲ್ಲೇ ಹಡಗು ಒಡೆದು ಸ್ಟೆಫನ್, ಕಸಾನಾ ಇಬ್ಬರೂ ಮುಳುಗಿದರು. ರಾಬರ್ಟ್, ಸ್ಟಾನಿಸ್ ಕೋಟೆಯ ಮೇಲಿಂದ ನೋಡುತ್ತಿದ್ದರು.

ರಾಬರ್ಟ್ ಸತ್ತ ಮೇಲೆ

298ರಲ್ಲಿ ರಾಬರ್ಟ್ ಸಾಯುತ್ತಾನೆ. ಹೊಸ ಹಾಳೆ ತೆಗೆದು ಅವನ ಹೆಸರನ್ನು ಈ ಸಲ ಮೇಲೆ ಬರೆಯಿರಿ. ಕೆಳಗೆ ಜಾಫ್ರಿ, ಮಾರ್ಸೆಲಾ, ಟಾಮೆನ್. ಈ ಗೆರೆಗಳನ್ನು ಪೆನ್ನಿನಿಂದ ಎಳೆಯಬೇಡಿ. ಪೆನ್ಸಿಲ್ ಇರಲಿ, ಅಳಿಸಬೇಕಾಗುತ್ತದೆ.

ಪುಸ್ತಕದೊಳಗೆ ಇದೇ ಕೆಲಸ ಮಾಡಿದವರು ಇಬ್ಬರಿದ್ದಾರೆ, ಮೊದಲು ಜಾನ್ ಆರಿನ್, ಆಮೇಲೆ ನೆಡ್ ಸ್ಟಾರ್ಕ್. ಅವರ ಕೈಯಲ್ಲಿದ್ದದ್ದು ಮ್ಯಾಲಿಯನ್ ಎಂಬ ಪಂಡಿತ ಬರೆದ ದೊಡ್ಡ ಮನೆತನಗಳ ವಂಶಾವಳಿ, ಮಹಾ ಬೋರು ಹೊಡೆಸುವ ಪುಸ್ತಕ. ನೆಡ್ ಅದರಲ್ಲಿ ನೋಡಿದ್ದು ಯಾರು ಯಾರಿಗೆ ಹುಟ್ಟಿದರು ಅಂತಲ್ಲ, ಕೂದಲಿನ ಬಣ್ಣ. ತೊಂಬತ್ತು ವರ್ಷದ ಹಿಂದೆ ಟೈಯಾ ಲ್ಯಾನಿಸ್ಟರ್ ಒಬ್ಬ ಬರಾಥಿಯನ್‌ನನ್ನು ಮದುವೆಯಾಗಿದ್ದಳು. ಕೂಸು ಬದುಕಲಿಲ್ಲ, ಆದರೆ ಅದಕ್ಕೆ ತಲೆತುಂಬ ಕಪ್ಪು ಕೂದಲಿತ್ತು ಅಂತ ಬರೆದಿದೆ. ಅದಕ್ಕೂ ಮೂವತ್ತು ವರ್ಷ ಮೊದಲು ಒಬ್ಬ ಲ್ಯಾನಿಸ್ಟರ್ ಗಂಡಿಗೆ ಬರಾಥಿಯನ್ ಹೆಣ್ಣು ತಂದಿದ್ದರು. ನಾಲ್ಕು ಮಕ್ಕಳು, ನಾಲ್ವರಿಗೂ ಕಪ್ಪು ಕೂದಲು. ರಾಬರ್ಟ್‌ನ ಹಾದರದ ಮಕ್ಕಳಿಗೂ ಕಪ್ಪೇ. ರಾಣಿ ಸರ್ಸೀಯ ಮೂವರಿಗೆ ಮಾತ್ರ ಚಿನ್ನದ ಬಣ್ಣ. ಅವರು ರಾಬರ್ಟ್‌ನ ಮಕ್ಕಳಲ್ಲ, ಅವಳ ಅವಳಿ ಸೋದರ ಜೇಮಿಯ ಮಕ್ಕಳು.

ಮೂರು ಗೆರೆ ಅಳಿಸಿ. ಆಗ ರಾಬರ್ಟ್‌ನ ನಂತರ ಸ್ಟಾನಿಸ್, ಸ್ಟಾನಿಸ್‌ನ ನಂತರ ಅವನ ಮಗಳು ಶಿರೀನ್, ಅವಳೂ ಆದ ಮೇಲೆ ರೆನ್ಲಿ. ಸ್ಟಾನಿಸ್ ರಾಜ್ಯಕ್ಕೆಲ್ಲ ಪತ್ರ ಬರೆದು ಕಳಿಸಿದ್ದು ಇದನ್ನೇ. ಆದರೆ ಕೂದಲು ನೋಡಿ ಹೇಳಿದ್ದನ್ನು ಒಪ್ಪುವವರು ಯಾರು? ಅವನ ಕೈಯಲ್ಲಿ ಬೇರೆ ಸಾಕ್ಷಿ ಇರಲಿಲ್ಲ. ಒಂದು ಹಕ್ಕು ನಿಜ ಆಗಿರುವುದು ಬೇರೆ, ನಂಬುವಂತೆ ಕಾಣುವುದು ಬೇರೆ. ಹಾಳೆಯ ಅಂಚಿನಲ್ಲಿ ಇವೆರಡಕ್ಕೂ ಖಾನೆ ಮಾಡಿ. ಸ್ಟಾನಿಸ್‌ಗೆ ಮೊದಲನೆಯದರಲ್ಲಿ ಹೌದು, ಎರಡನೆಯದರಲ್ಲಿ ಇಲ್ಲ. ಜಾಫ್ರಿಗೆ ಸರಿಯಾಗಿ ತಿರುಗಾಮುರುಗಾ. ರೆನ್ಲಿಗೆ ಎರಡೂ ಇಲ್ಲ, ಆದರೆ ಆ ಹೊತ್ತಿಗೆ ಎಲ್ಲರಿಗಿಂತ ದೊಡ್ಡ ಸೈನ್ಯ ಅವನದ್ದೇ ಇತ್ತು, ಅದೂ ಮಾರ್ಜರಿಯ ಮದುವೆಯಿಂದ ಬಂದದ್ದು.

ಸಮುದ್ರದಾಚೆ ಇರುವ ಡನೇರಿಸ್‌ನ ಹೆಸರು ಈ ಎರಡನೇ ಹಾಳೆಯಲ್ಲಿ ಬರುವುದೇ ಇಲ್ಲ. ಅವಳದ್ದು ಮೊದಲ ಹಾಳೆ. ರಾಬರ್ಟ್‌ನ ಪಟ್ಟ ಸರಿ ಅನ್ನುವವರಿಗೆ ಎರಡನೇ ಹಾಳೆ, ತಪ್ಪು ಅನ್ನುವವರಿಗೆ ಮೊದಲನೆಯದು. ಯಾರಾದರೂ ಸ್ಟಾನಿಸ್‌ನದ್ದೇ ನ್ಯಾಯವೋ ಡನೇರಿಸ್‌ದ್ದೇ ನ್ಯಾಯವೋ ಅಂತ ಗಂಟೆಗಟ್ಟಲೆ ವಾದ ಮಾಡಿದರೆ, ಯಾವ ಹಾಳೆ ಹಿಡಿದು ಮಾತಾಡುತ್ತಿದ್ದೀರಿ ಅಂತ ಒಮ್ಮೆ ಕೇಳಿ ನೋಡಿ.

ಸಂಜೆ ಮಳೆ ನಿಂತಿತು. ಅಕ್ಕನ ಫೋನೂ ಬಂತು. ಹುಡುಗಿ ಹೊರಡುವ ಮೊದಲು ಚಿತ್ರವನ್ನು ಶಾಯಿಯಲ್ಲಿ ತಿದ್ದುತ್ತಿದ್ದಳು. ಡಂಕನ್‌ನಿಂದ ಹೊರಟ ಚುಕ್ಕಿ ಗೆರೆಯ ತುದಿಗೆ ಬಂದಾಗ ನಿಂತಳು.

“ಈ ಲಯೊನೆಲ್‌ನ ಮಗಳ ಹೆಸರೇನು ಮಾಮ?”

ಹುಡುಕಿದೆವು. ಅವಳಿಗೆ ಹೆಸರಿಲ್ಲ. ಇಷ್ಟೆಲ್ಲ ನಡೆದದ್ದು ಅವಳಿಗಾದ ಅವಮಾನದಿಂದ, ಆದರೆ ಪುಸ್ತಕ ಅವಳನ್ನು ಲಯೊನೆಲ್‌ನ ಮಗಳು ಅಂತ ಮಾತ್ರ ಕರೆಯುತ್ತದೆ. ಆಮೇಲೆ ಅವಳು ಏನಾದಳು ಅಂತಲೂ ಬರೆದಿಲ್ಲ.

ನಮ್ಮ ಕುಟುಂಬದ್ದೊಂದು ಹಳೇ ಪುಸ್ತಕವಿದೆ, ನನ್ನ ಅಮ್ಮನ ಸೋದರಮಾವ ಬರೆದದ್ದು. ಅದರಲ್ಲಿ ಹೆಂಗಸರ ಹೆಸರೆಲ್ಲ ಸಾಲಾಗಿದೆ, ಅಜ್ಜಿಯ ಅಜ್ಜಿಯವರೆಗೆ. ಗಂಡಸರ ಹೆಂಡತಿಯರ ಹೆಸರು ಒಂದೂ ಇಲ್ಲ, ಅವರು ಬೇರೆ ಕುಟುಂಬದವರಲ್ಲವೇ. ಹುಡುಗಿಗೆ ಅದನ್ನು ತೆಗೆದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, ತನ್ನ ಹಾಳೆಯಲ್ಲಿ ಚುಕ್ಕಿ ಗೆರೆಯ ತುದಿಗೆ ಒಂದು ಖಾಲಿ ಚೌಕ ಬರೆದು, ಟ್ರೇನಿಗೆ ಹೊತ್ತಾಯಿತು ಅಂತ ಎದ್ದಳು.